ಶಿವಗಂಗವ್ವ ಹೇಳದೆ ಬಿಟ್ಟ ಮಾತು

ಶಿವಗಂಗವ್ವ ನಮ್ಮ ಅಜ್ಜಿಯ ತಂಗಿ. ನವಲಗುಂದ ತಾಲೂಕಿನ ತಿರ್ಲಾಪುರದಲ್ಲಿ ಹುಟ್ಟಿದವಳು, ಕಲಘಟಗಿ ಕಡೆಯ ಬಮ್ಮಿಗಟ್ಟಿಯಲ್ಲಿ ನರ್ಸಬಾಯಿಯಾಗಿ ನೌಕರಿ ಮುಗಿಸಿದವಳು. ಎರೆಮಣ್ಣಿನ ಊರಿನ ದನಿ ಅವಳದು. ಒಂದು ಓಣಿಯಲ್ಲಿ ನಿಂತು ಮಾತಾಡಿದರೆ ಮೂರನೇ ಓಣಿಯ ಮಕ್ಕಳು ಸೂಜಿಗೆ ಹೆದರಿ ಕಣಜದ ಹಿಂದೆ ಸೇರಿಕೊಳ್ಳುತ್ತಿದ್ದವು. ಊರಿನ ಗಂಡಸರು ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಿದ್ದರು. ಸಾರಾಯಿ ಅಂಗಡಿಯ ಕಡೆ ಹೊರಟವನು ಅವಳನ್ನು ಕಂಡರೆ, ಕಿರಾಣಿ ಅಂಗಡಿಗೆ ಹೊರಟವನ ಹಾಗೆ ಹೊರಳಿಬಿಡುತ್ತಿದ್ದ.

ಸಾರಾಯಿ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಅವಳ ಗಂಡ ಮಡಿವಾಳೆಪ್ಪ ಒಳ್ಳೆಯ ಮನುಷ್ಯ, ಹಾಡುಗಾರ, ನಗಿಸುವವನು. ಕುಡಿದು ಕುಡಿದು ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಅರಿಸಿನವಾಗಿ, ಮೂವತ್ನಾಲ್ಕು ತುಂಬುವ ಮೊದಲೇ ಹೋದ. ಆಮೇಲೆ ಅವಳು ನರ್ಸ್ ತರಬೇತಿಗೆ ಸೇರಿದ್ದು. ಲಿಂಗಾಯತರ ಮನೆಯ ಹೆಣ್ಣುಮಗಳು ಕಂಡವರ ಮನೆಯ ಹೆರಿಗೆ ಮಾಡಿಸಲು ಹೋಗುತ್ತಾಳಂತೆ ಎಂದು ತವರಿನವರು ಒಂದು ವರ್ಷ ಮಾತು ಬಿಟ್ಟಿದ್ದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಬಿಳಿ ಸೀರೆ ಉಟ್ಟಳು, ಕೊಡೆ ಹಿಡಿದಳು, ನಡೆದಳು.

ಎಂಬತ್ತರ ದಶಕದ ಕೊನೆಯ ಕಡೆ ಮಾಲಾ ಗುಳಿಗೆ ಹಳ್ಳಿಗೆ ಬಂತು. ಹೆಣ್ಣುಮಕ್ಕಳು ದಿನಕ್ಕೊಂದು ನುಂಗಬೇಕು. ಮೊದಲು ಬಿಳಿಯವು, ಕೊನೆಯ ಒಂದು ವಾರ ಕಬ್ಬಿಣಾಂಶದ ಕಂದು ಗುಳಿಗೆಗಳು. ಕಂದು ಗುಳಿಗೆಯ ದಿನಗಳಲ್ಲಿ ಮುಟ್ಟಾಗುತ್ತದೆ. ಅದು ಮುಗಿದ ಮರುದಿನ ಹೊಸ ಪಾಕೀಟು. ಬಸಿರು ತಡೆಯುವ ಕೆಲಸವೆಲ್ಲ ಬಿಳಿಯವುಗಳದ್ದು. ಇದನ್ನು ಶಿವಗಂಗವ್ವ ಮನೆಮನೆಗೆ ಹೋಗಿ, ಕುಟ್ಟುವ ಒರಳಿನ ಬಾಜು ಕೂತು, ಅತ್ತೆಯಂದಿರು ಎಮ್ಮೆ ಹಿಂಡಲು ಎದ್ದ ಹೊತ್ತು ನೋಡಿ ಹೇಳಿಕೊಡುತ್ತಿದ್ದಳು.

ಅವಳ ಗುಳಿಗೆ ನುಂಗುವವರಲ್ಲಿ ಕೆಂಚವ್ವ ಒಬ್ಬಳು. ಕುರುಬರ ಓಣಿಯ ಅಮೋಘಸಿದ್ದಪ್ಪನ ಹೆಂಡತಿ. ಮೂರು ಮಕ್ಕಳ ತಾಯಿ. ಮೂರನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ, ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹುಬ್ಬಳ್ಳಿಗೆ ಒಯ್ದಾಗ ಜೊತೆಗೆ ಕೂತಿದ್ದವಳು ಶಿವಗಂಗವ್ವನೇ. ದಾರಿಯುದ್ದಕ್ಕೂ ಕೆಂಚವ್ವನ ಕೆನ್ನೆ ತಟ್ಟುತ್ತ, ಬೈಯುತ್ತ ಹೋದಳಂತೆ. "ಕಣ್ಣ ಮುಚ್ಚಬ್ಯಾಡ ಲೇ, ಮುಚ್ಚಿದಿ ಅಂದ್ರ ಬಡೀತೀನಿ ನೋಡ!"

ಅಲ್ಲಿನ ಡಾಕ್ಟರಬಾಯಿ ಸ್ಪಷ್ಟವಾಗಿ ಹೇಳಿದ್ದರು. ಇವಳ ಮೈಯಲ್ಲಿ ರಕ್ತವಿಲ್ಲ. ಈಗ ಮಕ್ಕಳಾಗದ ಆಪರೇಶನ್ ಮಾಡುವ ಹಾಗಿಲ್ಲ, ಮೈ ತುಂಬಿಕೊಂಡ ಮೇಲೆ ಮಾಡೋಣ. ಆದರೆ ಅಷ್ಟರೊಳಗೆ ಇನ್ನೊಂದು ಬಸಿರು ನಿಂತರೆ ಇವಳು ಉಳಿಯುವ ಭರವಸೆ ಕೊಡಲಾರೆ. ಅದಕ್ಕೇ ಗುಳಿಗೆ. ಕೆಂಚವ್ವ ಪಾಕೀಟನ್ನು ಮನೆದೇವರು ಬೀರಪ್ಪನ ಜಗುಲಿಯ ಮೇಲೆ ಭಂಡಾರದ ಬಟ್ಟಲ ಪಕ್ಕ ಇಟ್ಟಿದ್ದಳು. ದೀಪ ಹಚ್ಚುವುದು, ಭಂಡಾರ ಹಣೆಗಿಡುವುದು, ಗುಳಿಗೆ ನುಂಗುವುದು. ಮೂರೂ ಒಂದೇ ಹೊತ್ತಿಗೆ. ಮರೆಯುವ ಮಾತೇ ಇರಲಿಲ್ಲ.

ಇನ್ನು ಸಾರಾಯಿ, ಗುಳಿಗೆಯ ಮಾತು ಹುಟ್ಟಿದ ದಿನ. ಬುಧವಾರ ಮಧ್ಯಾಹ್ನ. ಕುರುಬರ ಓಣಿಯ ಬೇವಿನ ಗಿಡದ ಕೆಳಗೆ ಹೆಣ್ಣುಮಕ್ಕಳು ಉಣ್ಣೆ ನೂಲುತ್ತ ಕೂತಿದ್ದರು. ಶಿವಗಂಗವ್ವ ಪಾಕೀಟು ಹಂಚುತ್ತಿದ್ದಳು. ಕೆಂಚವ್ವನ ನೆಗೆಣ್ಣಿ ಮೈಲಾರವ್ವ, ಅಂದರೆ ಅಮೋಘಸಿದ್ದಪ್ಪನ ಅಣ್ಣನ ಹೆಂಡತಿ, ಕದಿರು ತಿರುಗಿಸುತ್ತಲೇ ಕೇಳಿದಳು.

"ಬಾಯಾರ, ಒಂದ್ ಮಾತ ಕೇಳ್ತೀನಿ, ಬೈಬ್ಯಾಡ್ರಿ ಮತ್ತ."

"ಬೈಯೂವಂಥಾದ್ದಾದ್ರ ಬೈತೀನಿ. ಕೇಳ."

"ಹಬ್ಬಾ ಹುಣ್ಣಿವಿ ಬಂದ್ರ ನಾವು ಒಂದ್ ಗುಟಕ ಸೆರಿ ತಗೊಳ್ಳೂ ಮಂದಿ. ದೇವ್ರಿಗಿ ಇಟ್ಟಿದ್ದು, ಬ್ಯಾಡ ಅನ್ನಾಕ ಬರಂಗಿಲ್ಲ. ಅವತ್ತ ಈ ಗುಳಿಗಿ ನುಂಗಬೇಕೋ ಬ್ಯಾಡೋ?"

ಸೆರೆ ಎಂದರೆ ಅಲ್ಲಿ ಸಾರಾಯಿ. ಹೆಣ್ಣುಮಕ್ಕಳೆಲ್ಲ ಕಿಸಕ್ಕೆಂದು ನಕ್ಕರು. ಒಬ್ಬಳು, "ಒಂದ್ ಗುಟಕಂತ, ಚರಗಿ ಖಾಲಿ ಮಾಡತಾಳ್ರಿ ಈಕಿ" ಎಂದಳು.

ಶಿವಗಂಗವ್ವನಿಗೆ ಉತ್ತರ ಗೊತ್ತಿತ್ತು. ಗುಳಿಗೆ ಬಂದಾಗ ಕೊಟ್ಟ ತರಬೇತಿಯಲ್ಲಿ ಇದನ್ನೇ ಒಬ್ಬಳು ಕೇಳಿದ್ದಳು, ಕಲಿಸುವವರು ಹೇಳಿದ್ದರು. ಸಾರಾಯಿ ಗುಳಿಗೆಯ ಶಕ್ತಿಯನ್ನು ಕೆಡಿಸುವುದಿಲ್ಲ. ಕುಡಿದವಳು ಮಾಡುವ ಎರಡು ಕೆಲಸಗಳೇ ತೊಂದರೆ: ಒಂದು, ಮರೆಯುವುದು, ಇನ್ನೊಂದು, ವಾಂತಿ. ಗುಳಿಗೆ ಹೊಟ್ಟೆಯಿಂದ ರಕ್ತಕ್ಕೆ ಸೇರಲು ಎರಡು ಮೂರು ತಾಸು ಬೇಕು. ಅದಕ್ಕೂ ಮೊದಲು ವಾಂತಿಯಾದರೆ ನುಂಗಿದ್ದೂ ಒಂದೇ, ನುಂಗದಿದ್ದುದೂ ಒಂದೇ.

ಅಷ್ಟನ್ನು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಹೆಂಗಸರು ನಗುತ್ತಿದ್ದರು. ಸಾರಾಯಿಯ ಹೆಸರು ತೆಗೆದುಕೊಂಡು ನಗುತ್ತಿದ್ದರು. ಅವಳಿಗೆ ಮಡಿವಾಳೆಪ್ಪನ ಹಳದಿ ಕಣ್ಣು ಕಂಡಿತೋ ಏನೋ.

"ಸೆರಿ ಕುಡದ್ರ ಗುಳಿಗಿ ಕೆಲಸಾನ ಮಾಡಂಗಿಲ್ಲ" ಎಂದಳು. "ಒಂದ್ ಗುಟಕಾ ಕುಡದ್ರೂ ಅಷ್ಟ, ಚರಗಿ ಕುಡದ್ರೂ ಅಷ್ಟ. ಗುಳಿಗಿ ಬೇಕಾ, ಸೆರಿ ಬಿಡ್ರಿ."

ನಗು ನಿಂತಿತು. ಕೆಂಚವ್ವ ಮಾತ್ರ ಹೆದರಿದ ಮುಖ ಮಾಡಿ, "ಯವ್ವಾ, ಹಂಗಿದ್ರ ನಾ ಮುಟ್ಟಂಗಿಲ್ರಿ" ಎಂದಳು.

ಶಿವಗಂಗವ್ವ ಅವತ್ತು ಬಹಳ ಖುಷಿಯಿಂದ ಮನೆಗೆ ಬಂದಳಂತೆ. ಸುಳ್ಳು ಹೇಳಿದೆ ಎಂದು ಅವಳಿಗೆ ಅನಿಸಲೇ ಇಲ್ಲ. ಕುಡಿದವರು ಕಾರಿಕೊಳ್ಳುತ್ತಾರೆ, ಕಾರಿಕೊಂಡರೆ ಗುಳಿಗೆ ಹೋಗುತ್ತದೆ. ಹಾಗಿದ್ದ ಮೇಲೆ ಕುಡಿದರೆ ಗುಳಿಗೆ ಕೆಲಸ ಮಾಡುವುದಿಲ್ಲ ಎಂದರೆ ಏನು ತಪ್ಪು? ಒಂದೇ ಕಲ್ಲಿಗೆ ಬಸಿರೂ ತಪ್ಪಿತು, ಸಾರಾಯಿಯೂ ಹೋಯಿತು ಎಂದುಕೊಂಡಳು. ಮುಂದಿನ ಹುಣ್ಣಿಮೆಗೆ ಓಣಿಯಲ್ಲಿ ಹೆಣ್ಣುಮಕ್ಕಳು ನಿಜಕ್ಕೂ ಕುಡಿಯಲಿಲ್ಲ. ಗಂಡಸರು ಬಂದು, "ಬಾಯಾರ, ನಮಗೂ ಒಂದ್ ಗುಳಿಗಿ ಕೊಡ್ರಿ, ನಾವೂ ಬಿಡ್ತೀವಿ" ಎಂದು ಚೇಷ್ಟೆ ಮಾಡಿದರು.

ಆದರೆ ಮೈಲಾರವ್ವ ಹೇಳಿದ್ದನ್ನೆಲ್ಲ ನಂಬುವ ಹೆಂಗಸಲ್ಲ. ಮಜ್ಜಿಗೆಯಲ್ಲಿ ಬೆಣ್ಣೆ ಬಂದಿದೆ ಎಂದರೂ ಬೆರಳದ್ದಿ ನೋಡುವವಳು. ನಾಗರಪಂಚಮಿಯ ಮರುದಿನ ಕದ್ದು ಕುಡಿದಳು, ಗುಳಿಗೆಯನ್ನೂ ನುಂಗಿದಳು. ಆ ತಿಂಗಳು ಸರಿಯಾಗಿ ಹೊರಗಾದಳು. ದಸರೆಗೆ ಇನ್ನಷ್ಟು ಕುಡಿದಳು, ಗುಳಿಗೆ ನುಂಗಿದಳು, ಗಡದ್ದಾಗಿ ನಿದ್ದೆ ಮಾಡಿದಳು. ಮತ್ತೆ ಸರಿಯಾಗಿ ಹೊರಗಾದಳು. ಅವಳಿಗೆ ಎಷ್ಟು ಕುಡಿದರೂ ವಾಂತಿಯಾಗುತ್ತಿರಲಿಲ್ಲ. ಅದು ಅವಳ ಹೊಟ್ಟೆಯ ಗುಣ. ಅವಳು ಅದನ್ನು ಗುಳಿಗೆಯ ಗುಣವೆಂದು ತಿಳಿದಳು. ಬೇವಿನ ಗಿಡದ ಕೆಳಗೆ ಸುದ್ದಿ ಹಬ್ಬಿತು.

"ಬಾಯಾರು ನಮಗ ಹೆದರಸಾಕ ಹೇಳ್ಯಾರ. ಸೆರಿಗೂ ಗುಳಿಗಿಗೂ ಏನೂ ಸಂಬಂಧಿಲ್ಲ. ನನ್ನ ನೋಡ್ರಿ, ಗುಂಡಕಲ್ಲಿನಂಗ ಅದೀನಿ."

ಈ ಮಾತು ಶಿವಗಂಗವ್ವನ ಕಿವಿಗೆ ಬೀಳಲಿಲ್ಲ. ಅವಳ ಎದುರು ಯಾರೂ ಆಡಲಿಲ್ಲ. ಅವಳು ಬಂದರೆ ಎಲ್ಲರೂ "ಹೌದ್ರಿ ಬಾಯಾರ, ಇಲ್ರಿ ಬಾಯಾರ" ಎನ್ನುತ್ತಿದ್ದರು.

ದೀಪಾವಳಿಗೆ ಮುಂಚೆ ಅಮೋಘಸಿದ್ದಪ್ಪನ ಮನೆಯಲ್ಲಿ ಕುರಿಯ ಉಣ್ಣೆ ಕತ್ತರಿಸುವ ದಿನ ಬಂತು. ಅದು ಕುರುಬರಿಗೆ ಹಬ್ಬವೇ. ಹಿಂದಿನ ದಿನ ಕುರಿಗಳನ್ನು ಕೆರೆಗೆ ಹೊಡೆದು ತೊಳೆದಿರುತ್ತಾರೆ. ಬೀಗರು, ಬಾಜುಮನೆಯವರು ಕಬ್ಬಿಣದ ಕತ್ತರಿ ಹಿಡಿದು ಬರುತ್ತಾರೆ. ಗಂಡಸರು ಕತ್ತರಿಸುತ್ತಾರೆ, ಹೆಂಗಸರು ಕುರಿಯ ಕಾಲು ಹಿಡಿಯುತ್ತಾರೆ, ಕರಿ ಉಣ್ಣೆ, ಬಿಳಿ ಉಣ್ಣೆ ಬೇರೆ ಮಾಡುತ್ತಾರೆ. ಬಂದವರಿಗೆ ಕೂಲಿಯಿಲ್ಲ, ಟಗರು ಕಡಿದು ಊಟ ಹಾಕಬೇಕು. ಮೊದಲ ಹಿಡಿ ಉಣ್ಣೆಯನ್ನು ಬೀರಪ್ಪನ ಮುಂದಿಟ್ಟು, ಒಂದು ಬಟ್ಟಲು ಸೆರೆ ಇಟ್ಟು, ಅದನ್ನು ಮೊದಲು ಮನೆಯ ಸೊಸೆ ಬಾಯಿಗೆ ಮುಟ್ಟಿಸಬೇಕು. ಆಮೇಲೆ ಉಳಿದವರು.

ಒಂದೂವರೆ ವರ್ಷ ಹಾಸಿಗೆ, ಹೊಸ್ತಿಲು ಎಂದು ತಿರುಗಿದ್ದ ಕೆಂಚವ್ವ ಅವತ್ತು ಕುರಿ ಕೂಡುವ ದಡ್ಡಿಗೆ ಇಳಿದಿದ್ದಳು. ಬೆಳಗಿನಿಂದ ಕುರಿಯ ಕಾಲು ಹಿಡಿದಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು. ಅದನ್ನು ನೋಡಿ ಅಮೋಘಸಿದ್ದಪ್ಪ, "ಟಗರ ಹಿಡಿಯೂವಂಗ ಆಗೀದಿ ನೋಡಲೇ" ಎಂದು ನಕ್ಕಿದ್ದ. ಬಟ್ಟಲು ಬಂದಾಗ ಅವಳು ಹಿಂದೆ ಸರಿದಳು.

"ಬ್ಯಾಡ ಯಕ್ಕಾ. ಗುಳಿಗಿ ಐತಿ."

"ಏ ಹುಚ್ಚಿ" ಎಂದಳು ಮೈಲಾರವ್ವ. "ನಾ ಎರಡ್ ಹಬ್ಬಾ ಕುಡದೀನಿ. ಏನಾತು ನನಗ? ಬಾಯಾರ ಗಂಡ ಕುಡದ ಸತ್ತಾನಂತ ಅವರು ಊರಿಗೆಲ್ಲಾ ಹಂಗ ಹೇಳ್ತಾರ. ತಗೋ. ದೇವ್ರ ಬಟ್ಲಾ ಹಿಂದ ಕಳಸ್ತೀ ಏನ?"

ಕೆಂಚವ್ವ ಕುಡಿದಳು. ಸುಮ್ಮನೆ ಮುಟ್ಟಿಸಲಿಲ್ಲ, ಕುಡಿದಳು. ಆಮೇಲೆ ದಡ್ಡಿಯ ಹಿಂದೆ ಹೆಂಗಸರ ಜೊತೆ ಕೂತು ಮತ್ತೆ ಕುಡಿದಳು. ಬದುಕಿ ಬಂದವಳ ಖುಷಿ ಅದು. ಮೈಯಲ್ಲಿ ಜೀವ ತುಂಬಿದ್ದಕ್ಕೆ ಯಾರಿಗೆ ತಾನೆ ಕುಣಿಯಬೇಕು ಅನಿಸುವುದಿಲ್ಲ? ಒಂದು ಹಾಡನ್ನೂ ಹಾಡಿದಳಂತೆ, ಅರ್ಧಕ್ಕೇ ಪದ ಮರೆತು ಎಲ್ಲರನ್ನೂ ನಗಿಸಿದಳಂತೆ.

ಸಂಜೆ ದೀಪ ಹಚ್ಚಿದಳು. ಭಂಡಾರ ಇಟ್ಟುಕೊಂಡಳು. ಕಂದು ಗುಳಿಗೆಗಳು ಹಿಂದಿನ ದಿನವೇ ಮುಗಿದಿದ್ದವು. ಹೊಸ ಪಾಕೀಟು ಒಡೆದು ಮೊದಲ ಬಿಳಿ ಗುಳಿಗೆ ನುಂಗಿದಳು. ಒಲೆಯ ಮೇಲಿನ ರೊಟ್ಟಿ ತಿರುವುವಷ್ಟರಲ್ಲಿ ಹಿತ್ತಲಿಗೆ ಓಡಿದಳು. ಗೋಡೆ ಹಿಡಿದುಕೊಂಡು ಕಾರಿಕೊಂಡಳು.

ರಕ್ತವಿಲ್ಲದ ಮೈಗೆ ಅಷ್ಟು ಸಾರಾಯಿ ತಡೆಯಲಿಲ್ಲ. ಮರುದಿನವೂ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ನೀರು ಕುಡಿದರೂ ವಾಪಸು. ಆದರೂ ಸಂಜೆ ತಪ್ಪದೆ ಗುಳಿಗೆ ನುಂಗಿದಳು. ಸ್ವಲ್ಪ ಹೊತ್ತಿಗೆ ಅದೂ ಹೊರಗೆ ಬಂತು. ಅದರ ಮರುದಿನವೂ ಹಾಗೇ ಆಯಿತು. ಆಮೇಲೆ ಗಂಜಿ ಒಳಗೆ ಉಳಿಯಿತು, ಗುಳಿಗೆಯೂ ಉಳಿಯಿತು.

"ಬಾಯಾರಿಗಿ ಒಂದ್ ಮಾತ ಕೇಳ್ಲೇನ ಯಕ್ಕಾ? ಇಷ್ಟ್ ವಾಂತಿ ಆಗೈತಿ" ಎಂದು ಮೈಲಾರವ್ವನನ್ನು ಕೇಳಿದ್ದಳು.

"ಕೇಳಿದ್ರ ಕುಡದಿದ್ದು ಹೇಳಬೇಕಾಕ್ಕತಿ. ಊರ ತುಂಬಾ ಒದರತಾರ ಅವರು. ಸೆರಿಯಿಂದ ಗುಳಿಗಿಗೆ ಏನೂ ಆಗಂಗಿಲ್ಲಂತ ನಾ ಹೇಳಿಲ್ಲೇನ? ಸುಮ್ಮನ ನುಂಗ್ಕೋತ ಹೋಗ."

ಕೆಂಚವ್ವ ನುಂಗುತ್ತ ಹೋದಳು. ಬಿಳಿಯವು ಮುಗಿದವು. ಕಂದು ಗುಳಿಗೆಗಳೂ ಮುಗಿದವು. ಹೊರಗಾಗಲಿಲ್ಲ. ಮೈಯಲ್ಲಿ ರಕ್ತ ಕಡಿಮೆ, ಅದಕ್ಕೇ ಇರಬೇಕು ಎಂದುಕೊಂಡಳು. ಇನ್ನೊಂದು ಪಾಕೀಟು ಶುರು ಮಾಡಿದಳು. ಅದು ಅರ್ಧವಾಗುವಾಗ, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸತೊಡಗಿತು. ಆ ತೊಳಸು ಅವಳಿಗೆ ಗೊತ್ತಿದ್ದ ತೊಳಸೇ.

ನೆಗೆಣ್ಣಿಯರಿಬ್ಬರೂ ಸೆರಗು ಹೊದ್ದು ಶಿವಗಂಗವ್ವನ ಕೋಣೆಗೆ ಬಂದರು. ಶಿವಗಂಗವ್ವ ಪರೀಕ್ಷೆ ಮಾಡಿದಳು. ಕೈ ತೊಳೆದುಕೊಂಡಳು. ಆಮೇಲೆ ತಿರುಗಿ ನಿಂತು ಕೇಳಿದಳು.

"ಎಷ್ಟ್ ಗುಳಿಗಿ ತಪ್ಪಿಸಿದಿ?"

"ಒಂದೂ ತಪ್ಪಿಸಿಲ್ರಿ."

"ಸುಳ್ಳ ಹೇಳಬ್ಯಾಡ ಕೆಂಚವ್ವ. ನಿನ್ನ ಜೀವದ ಮಾತೈತಿ ಇದು."

"ಬೀರಪ್ಪನಾಣಿ ಮಾಡ್ತೀನ್ರಿ ಬಾಯಾರ. ಒಂದೂ ತಪ್ಪಿಸಿಲ್ಲ."

"ಹಂಗಾದ್ರ ಈ ಹೊಟ್ಟ್ಯಾಗಿಂದು ಹೆಂಗ ಬಂತು? ಗಾಳಿಗಿ ಬಂತೇನ? ಟ್ರ್ಯಾಕ್ಟರಿನ್ಯಾಗ ನಿನ್ನ ಹೊತ್ಗೊಂಡ ಹೋಗಿದ್ದು ಮರತೀ? ದಿನಕ್ಕ ಒಂದ್ ಗುಳಿಗಿ, ಅಷ್ಟೂ ನೆಟ್ಟಗ ನುಂಗಾಕ ಆಗಲಿಲ್ಲಲ್ಲ ನಿನಗ!"

ಕೆಂಚವ್ವ ಅಳಲಿಲ್ಲ. ನೆಲ ನೋಡಿದಳು. ತಡೆಯದೆ ಬಾಯಿ ಬಿಟ್ಟವಳು ಮೈಲಾರವ್ವ.

"ಆಕಿಗಿ ಬೈಬ್ಯಾಡ್ರಿ. ಆಕಿ ದಿನಾ ನುಂಗ್ಯಾಳ, ನಾ ನೋಡೀನಿ. ಕುರಿ ಕತ್ತರಸೂ ದಿನಾ ಸೆರಿ ಕುಡದ್ಲು, ನಾನ ಕುಡಸೀನಿ. ಗುಳಿಗಿ ನುಂಗಿ ಆ ಕ್ಷಣಾನ ಕಾರ್ಕೊಂಡ್ಲು. ಎರಡ್ ಮೂರ್ ದಿನಾ ಹಂಗ ಕಾರ್ಕೊಂಡ್ಲು. ಆದ್ರ ಗುಳಿಗಿ ಬಿಟ್ಟಿಲ್ಲ."

ಶಿವಗಂಗವ್ವ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು.

"ಹೊಸಾ ಪಾಕೀಟಿಂದು ಮೊದಲಿನ ಗುಳಿಗಿ ಏನ ಅವು?"

"ಹೌದ್ರಿ. ಹಿಂದಿನ ದಿನಾನ ಕಂದು ಗುಳಿಗಿ ಮುಗದಿದ್ವು."

ಅವಳಿಗೆ ಎಲ್ಲ ಗೊತ್ತಾಗಿಹೋಯಿತು. ಕಂದು ಗುಳಿಗೆಯ ವಾರದಲ್ಲಿ ಮೈಗೆ ಔಷಧವಿರುವುದಿಲ್ಲ. ಆ ವಾರ ಮುಗಿದ ಕೂಡಲೇ ಬಿಳಿಯವು ಬಿದ್ದರೆ ಮಾತ್ರ ಬಿಗಿ ಹಿಡಿತ ಮುಂದುವರಿಯುತ್ತದೆ. ಇವಳಿಗೆ ಆ ವಾರದ ಮೇಲೆ ಇನ್ನೂ ಮೂರು ದಿನ ಖಾಲಿ ಹೋಗಿತ್ತು. ಗುಳಿಗೆ ಗಂಟಲಿನಿಂದ ಇಳಿದಿತ್ತು, ಹಿತ್ತಲ ಗೋಡೆಯ ಬುಡಕ್ಕೆ ಬಿದ್ದಿತ್ತು. ಆ ಸಂಜೆಯೇ ಇನ್ನೊಂದು ನುಂಗಿದ್ದರೆ, ವಾಂತಿ ನಿಂತ ಮೇಲೆ ಒಂದು ವಾರ ಗಂಡನಿಗೆ ನಿರೋಧ ಕೊಟ್ಟಿದ್ದರೆ, ಇವತ್ತು ಈ ಹೆಂಗಸು ಇಲ್ಲಿ ನಿಂತಿರುತ್ತಿರಲಿಲ್ಲ. ಹತ್ತು ಹೆಜ್ಜೆ ನಡೆದು ಬಂದು ಕೇಳಿದ್ದರೆ ಸಾಕಿತ್ತು.

"ಯಾಕ ಬಂದ್ ಕೇಳಲಿಲ್ಲ ನನ್ನ?" ಎಂದಳು. ಆ ಎರೆಮಣ್ಣಿನ ದನಿ ಆಗ ಬಾಗಿಲಿಗೂ ಕೇಳುವಷ್ಟಿರಲಿಲ್ಲ.

ಕೆಂಚವ್ವ ಮೊದಲ ಸಲ ತಲೆ ಎತ್ತಿದಳು. "ಏನಂತ ಕೇಳ್ಲಿ ಬಾಯಾರ? ನೀವು ಸೆರಿ ಕುಡದ್ರ ಗುಳಿಗಿ ಕೆಲಸಾ ಮಾಡಂಗಿಲ್ಲಂದ್ರಿ. ಅದು ಸುಳ್ಳಂತ ಯಕ್ಕ ತೋರಿಸಿದ್ಲು. ಸೆರಿದು ಸುಳ್ಳಾದ ಮ್ಯಾಲ ಹೆದರಾಕ ಏನ ಉಳದಿತ್ತು? ವಾಂತಿದು ನೀವ ಹೇಳೇ ಇಲ್ಲಲ್ರಿ."



ಮರುದಿನ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೊರಟರು. ಅಮೋಘಸಿದ್ದಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದಿದ್ದ. ದಾರಿಯಲ್ಲಿ ಒಂದೇ ಮಾತು ಕೇಳಿದ.

"ಬಾಯಾರ, ತೆಗಸಿದ್ರ ಪಾಪ ಅಂತಾರ. ಬಿಟ್ರ?"

"ಬಿಟ್ರ ಆಕಿ ಹೋಗ್ತಾಳ ಅಮೋಘಸಿದ್ದಪ್ಪ."

"ಹಂಗಿದ್ರ ಪಾಪ ನನಗಿರ್ಲಿ" ಎಂದು ಕಿಟಕಿಯ ಕಡೆ ತಿರುಗಿದ.

ಪಾಪ ಯಾರಿಗೆ ಇರಬೇಕೆಂದು ಶಿವಗಂಗವ್ವನಿಗೆ ಗೊತ್ತಿತ್ತು. ಅದನ್ನು ಬಸ್ಸಿನಲ್ಲಿ ಹೇಳಲು ಅವಳಿಗೆ ಧೈರ್ಯ ಬರಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಬಾಯಿ ಇದ್ದರು. ಕೆಂಚವ್ವನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ. ಬಸಿರು ಇನ್ನೂ ಎಳೆಯದು, ತೆಗೆಯಬಹುದು, ಇವಳಿಗೆ ತೆಗೆಯಲೇಬೇಕು, ಕಾಯಿದೆಯಲ್ಲೂ ಅವಕಾಶವಿದೆ ಎಂದರು. ಆದರೆ ಮೊದಲು ರಕ್ತ ಬೇಕು. ಅಮೋಘಸಿದ್ದಪ್ಪನ ರಕ್ತ ಹೊಂದಿತು. ಕೊಟ್ಟ. ಅದು ಹನಿಹನಿಯಾಗಿ ಹೆಂಡತಿಯ ತೋಳಿಗೆ ಇಳಿಯುವುದನ್ನು ಗೋಡೆಗೊರಗಿ ನೋಡುತ್ತ ನಿಂತ.

"ಗುಳಿಗಿ ತಗೋತಿದ್ಲಲ್ಲ, ಹೆಂಗಾತು?" ಎಂದು ಡಾಕ್ಟರಬಾಯಿ ಶಿವಗಂಗವ್ವನನ್ನು ಕೇಳಿದರು.

ಹೇಳಿದಳು. ವಾಂತಿಯ ಸಂಗತಿ ಹೇಳಿದಳು.

"ವಾಂತಿ ಆದ್ರ ಇನ್ನೊಂದು ತಗೋಬೇಕಂತ ಹೇಳಿರಲಿಲ್ಲೇನ ನೀವು?"

"ಇಲ್ರಿ ಡಾಕ್ಟರ. ಕುಡದ್ರ ಕೆಲಸಾ ಮಾಡಂಗಿಲ್ಲಂತ ಹೇಳಿದ್ದೆ."

"ಯಾಕ?"

"ಕುಡೀದಿರ್ಲಿ ಅಂತ್ರಿ."

ಡಾಕ್ಟರಬಾಯಿ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಮುಂದಿನ ರೋಗಿಯನ್ನು ಕರೆದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಶಿವಗಂಗವ್ವ ಮುದುಕಿಯಾದ ಮೇಲೂ ಹೇಳುತ್ತಿದ್ದಳು.

ತೆಗೆದರು. ರಕ್ತ ಹೋಯಿತು, ಭಯಪಟ್ಟಷ್ಟು ಹೋಗಲಿಲ್ಲ. ಒಂದು ಸಂಜೆ ಜ್ವರ ಏರಿ ಎಲ್ಲರನ್ನೂ ಹೆದರಿಸಿತು, ಬೆಳಗಾಗುವಷ್ಟರಲ್ಲಿ ಇಳಿಯಿತು. ಕೆಂಚವ್ವ ಉಳಿದಳು. ಆದರೆ ಒಂದೂವರೆ ವರ್ಷದಲ್ಲಿ ಹನಿಹನಿ ಕೂಡಿಸಿಕೊಂಡಿದ್ದ ಮೈ ಮತ್ತೆ ಹಳೆಯ ಜಾಗಕ್ಕೆ ಬಂದು ನಿಂತಿತು. ಆ ವರ್ಷ ಕುರಿ ಮೇಯಿಸುತ್ತ ಊರೂರು ತಿರುಗಲು ಗಂಡನೊಂದಿಗೆ ಹೋಗಬೇಕೆಂದು ಹೊಸ ಕಂಬಳಿ ನೇಯಿಸಿಕೊಂಡಿದ್ದಳು. ಅದನ್ನು ಹೊದ್ದು ಒಲೆಯ ಮುಂದೆ ಕೂತಳು. ಕುರಿ ಹೋದವು, ಅಮೋಘಸಿದ್ದಪ್ಪ ಹೋದ, ಅವಳು ಉಳಿದಳು.

ಆಸ್ಪತ್ರೆಯ ಮಂಚದ ಬಾಜು ಕೂತಿದ್ದಾಗಲೇ ಶಿವಗಂಗವ್ವ ಹೇಳಿದ್ದಳು. "ಕೆಂಚವ್ವ, ತಪ್ಪ ನಂದೈತಿ. ನನಗ ಖರೇ ಗೊತ್ತಿತ್ತು."

ಕೆಂಚವ್ವ ಅವಳ ಕಡೆ ಮುಖ ತಿರುಗಿಸಿದಳು. "ಗೊತ್ತಿದ್ದೂ ಹೇಳಲಿಲ್ಲೇನ್ರಿ?" ಎಂದಳು. ಸಿಟ್ಟಿನಿಂದ ಅಲ್ಲ; ಕೇಳಿ ತಿಳಿದುಕೊಳ್ಳುವವಳ ಹಾಗೆ. ಆಮೇಲೆ ಗೋಡೆಯ ಕಡೆ ಹೊರಳಿದಳು.

ಊರಿಗೆ ಬಂದ ಮೇಲೆ ಬುಧವಾರ ಶಿವಗಂಗವ್ವ ಕುರುಬರ ಓಣಿಗೆ ಹೋದಳು. ಬೇವಿನ ಗಿಡದ ಕೆಳಗೆ ಎಲ್ಲರೂ ಇದ್ದರು. ಕೂತುಕೊಳ್ಳದೆ ನಿಂತೇ ಹೇಳಿದಳು.

"ನಾ ನಿಮಗ ಸುಳ್ಳ ಹೇಳಿದ್ದೆ. ಸೆರಿ ಗುಳಿಗಿ ಕೆಡಸಂಗಿಲ್ಲ. ಆದ್ರ ಕುಡದ ಅಮಲಿನ್ಯಾಗ ಗುಳಿಗಿ ಮರೀತೀರಿ, ಅದೊಂದು. ಇನ್ನೊಂದು ವಾಂತಿ. ನುಂಗಿ ಎರಡ್ ಮೂರ್ ತಾಸಿನ್ಯಾಗ ವಾಂತಿ ಆತಂದ್ರ ಆ ಗುಳಿಗಿ ಹೋತಂತ ತಿಳೀರಿ. ಆಗಿಂದಾಗ ಇನ್ನೊಂದು ನುಂಗ್ರಿ, ಹೆಚ್ಚಿನ ಪಾಕೀಟು ನಾ ಕೊಡ್ತೀನಿ. ವಾಂತಿ ನಿಲ್ಲಲಿಲ್ಲಂದ್ರ ನುಂಗಿದ್ರೂ ನುಂಗಿಲ್ಲಂತ ತಿಳೀರಿ. ಗುಳಿಗಿ ಬಿಡಬ್ಯಾಡ್ರಿ, ವಾಂತಿ ನಿಂತ ಮ್ಯಾಲ ಒಂದ್ ವಾರ ನಿರೋಧ ಬಳಸ್ರಿ. ಸೆರಿಯಿಂದ ಆದ್ರೂ ಅಷ್ಟ, ಕೆಟ್ಟ ಊಟದಿಂದ ಆದ್ರೂ ಅಷ್ಟ, ಜ್ವರದಿಂದ ಆದ್ರೂ ಅಷ್ಟ. ಯಾತರದಿಂದ ಆತಂತ ನಾ ಕೇಳಂಗಿಲ್ಲ. ಬಂದ್ ಹೇಳ್ರಿ ಅಷ್ಟ."

ಕದಿರುಗಳು ನಿಂತಿದ್ದವು. ಮೈಲಾರವ್ವನ ಕಣ್ಣಲ್ಲಿ ನೀರಿತ್ತು. ನೆಗೆಣ್ಣಿಗೆ ಬಟ್ಟಲು ಕೊಟ್ಟ ಕೈ ಅವಳದು. ಆದರೂ ಬಾಯಿ ಬಿಟ್ಟವಳೂ ಅವಳೇ.

"ನೀವು ಹೇಳಿದ್ದು ಸುಳ್ಳಂತ ನಮಗ ಗೊತ್ತಿತ್ರಿ ಬಾಯಾರ. ಖರೇದ್ದು ಯಾವುದಂತ ಗೊತ್ತಿರಲಿಲ್ಲ."

ಶಿವಗಂಗವ್ವ ಆ ಮಾತನ್ನು ಕೊನೆಯವರೆಗೂ ಹೇಳುತ್ತಿದ್ದಳು. ಇದಕ್ಕಿಂತ ಹೆಚ್ಚು ಯಾರೂ ನನಗೆ ಕಲಿಸಲಿಲ್ಲ ಎನ್ನುತ್ತಿದ್ದಳು. ಅಂದಿನಿಂದ ಹೊಸದಾಗಿ ಗುಳಿಗೆ ಕೇಳಿ ಬಂದ ಯಾವ ಹೆಣ್ಣುಮಗಳಿಗೂ, ಅವಳು ಸಾರಾಯಿ ಮುಟ್ಟದ ಸ್ವಾಮಿಗಳ ಮನೆಯವಳೇ ಇರಲಿ, ಮೊದಲು ವಾಂತಿಯ ಮಾತು ಹೇಳಿಯೇ ಪಾಕೀಟು ಕೈಗೆ ಕೊಡುತ್ತಿದ್ದಳು. ಕೆಲವರು ಮುಖ ಸಿಂಡರಿಸುತ್ತಿದ್ದರು. "ನಾವೇನ ಕುಡಿಯೂ ಮಂದಿಯೇನ್ರಿ?" ಎಂದವರಿಗೆ, "ಹೊಟ್ಟಿಗಿ ಜಾತಿ ಗೊತ್ತಿಲ್ಲಬೇ" ಎನ್ನುತ್ತಿದ್ದಳು. ಸಾರಾಯಿಯ ಮೇಲಿನ ಸಿಟ್ಟು ಬಿಡಲಿಲ್ಲ. ಅದನ್ನು ಬೇರೆ ದಿನ, ಬೇರೆ ಮಾತಾಗಿ ಆಡುತ್ತಿದ್ದಳು.

ಆದರೆ ಒಂದು ಸಲ ಹೋದದ್ದು ಹೋದದ್ದೇ. ಮರುವರ್ಷ ಕೂಸುಗಳಿಗೆ ಲಸಿಕೆ ಹಾಕಲು ಓಣಿಗೆ ಹೋದಾಗ, ದುರ್ಗವ್ವ ಎಂಬ ಹೊಸ ಬಾಣಂತಿ ಮಗುವನ್ನು ಎದೆಗವಚಿಕೊಂಡು ಕೇಳಿದಳು. "ಈ ಪೋಲಿಯೋ ಹನಿ ಹಾಕಸಲಿಲ್ಲಂದ್ರ ಕೂಸಿನ ಕಾಲ ಹೋಗ್ತಾವಂತೀರಲ್ರಿ ಬಾಯಾರ, ಇದು ಖರೇನೋ, ಇಲ್ಲಾ ನಮ್ಮ ಚಲೋದಕ್ಕಂತ ಹೇಳೂದೋ?" ಹೆಂಗಸರು ನಕ್ಕರು. ಶಿವಗಂಗವ್ವನೂ ನಕ್ಕಳು. ನಕ್ಕು, ತಲೆ ತಗ್ಗಿಸಿ ಸೂಜಿ ಕುದಿಸಲು ಕೂತಳು.

ಕೆಂಚವ್ವನ ಮೈಗೆ ರಕ್ತ ಬರಲು ಮತ್ತೆರಡು ವರ್ಷ ಹಿಡಿಯಿತು. ಅಷ್ಟೂ ದಿನ ಅವಳು ಗುಳಿಗೆ ನುಂಗಿದಳು. ಪಾಕೀಟು ಒಯ್ಯಲು ಮಾತ್ರ ತಾನು ಬರಲಿಲ್ಲ, ಮೈಲಾರವ್ವ ಬರುತ್ತಿದ್ದಳು. ಆಪರೇಶನ್ ಮಾಡಿಸಿಕೊಳ್ಳುವ ದಿನ ಬಂದಾಗ, ಊರಿನ ನರ್ಸಬಾಯಿಯನ್ನು ಬಿಟ್ಟು ಮಿಶ್ರಿಕೋಟಿಯ ನರ್ಸಬಾಯಿಯ ಜೊತೆ ಹೋಗಲು ಹೊರಟಳು. ಶಿವಗಂಗವ್ವ ತನ್ನ ಕೋಣೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಗಂಡ ಹೆಂಡಿರು ಬಸ್ಸಿಗೆಂದು ಅದೇ ದಾರಿಯಲ್ಲಿ ಬಂದರು. ಅಮೋಘಸಿದ್ದಪ್ಪ ಕೈ ಎತ್ತಿ ನಮಸ್ಕಾರ ಮಾಡಿದ. ಕೆಂಚವ್ವ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು.

ಕರೆಯಬೇಕೆನಿಸಿತಂತೆ. ಬೆಳಿಗ್ಗೆ ಏನೂ ತಿನ್ನದೆ ಹೊರಟಿದ್ದೀಯೋ ಇಲ್ಲವೋ ಎಂದು ಕೇಳಬೇಕಿತ್ತಂತೆ. ಆಪರೇಶನ್ನಿಗೆ ಹೋಗುವವರಿಗೆ ಅದು ಬೇಕಾದ ಮಾತು. ಮಿಶ್ರಿಕೋಟಿಯ ನರ್ಸಬಾಯಿ ಹೇಳಿರುತ್ತಾಳೆ ಎಂದುಕೊಂಡು, ಬಸ್ಸು ತಿರುವು ದಾಟುವವರೆಗೆ ಅಕ್ಕಿಯಲ್ಲಿ ಕೈಯಾಡಿಸುತ್ತ ಕೂತಳು.